ಮ್ಯಾಪಿನ ಮೀಟರ್ ಎಲ್ಲಿ ಓಡುತ್ತದೆ?

ಹುಬ್ಬಳ್ಳಿಯಲ್ಲೊಂದು ಖಾನಾವಳಿ ಇದೆ ಎಂದಿಟ್ಟುಕೊಳ್ಳೋಣ. ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿಗೆ ಹೆಸರಾದದ್ದು. ದಿನಕ್ಕೆ 600 ಊಟ ಮನೆಮನೆಗೆ ಹೋಗುತ್ತದೆ. ಊಟ ತಲುಪಿಸುವ ದೊಡ್ಡ ಕಂಪನಿಗಳಿಗೆ ಕಮಿಷನ್ ಕೊಟ್ಟು ಬೇಸತ್ತ ಮಾಲಕ, ಪರಿಚಯದ ಹುಡುಗನೊಬ್ಬನಿಂದ ತನ್ನದೇ ವೆಬ್‌ಸೈಟ್ ಮಾಡಿಸಿದ್ದಾನೆ. ಗಿರಾಕಿ ವಿಳಾಸದ ಜಾಗದಲ್ಲಿ Keshwapur ಎಂದು ಬರೆಯತೊಡಗುತ್ತಾಳೆ. K ಒತ್ತಿದ ಕೂಡಲೇ ಕೆಳಗೆ ಐದು ಊರುಗಳ ಹೆಸರು ಮೂಡುತ್ತವೆ. e ಒತ್ತಿದರೆ ಪಟ್ಟಿ ಬದಲಾಗುತ್ತದೆ. ಒಂಬತ್ತನೆಯ ಅಕ್ಷರ ಮುಗಿಯುವ ಹೊತ್ತಿಗೆ ಕೇಶ್ವಾಪುರ ಸಿಕ್ಕಿರುತ್ತದೆ. ಅಷ್ಟರಲ್ಲಿ ಖಾನಾವಳಿಯ ಲೆಕ್ಕಕ್ಕೆ ಗೂಗಲ್ ಒಂಬತ್ತು ಕರೆ ಬರೆದುಕೊಂಡಿರುತ್ತದೆ.

ಮೊಬೈಲಿನಲ್ಲಿ ಗೂಗಲ್ ಮ್ಯಾಪ್ಸ್ ತೆರೆದು ದಾರಿ ನೋಡುವವರು ಯಾರಿಗೂ ದುಡ್ಡು ಕೊಡುವುದಿಲ್ಲ. ಅದೇ ಭೂಪಟವನ್ನು ಇನ್ನೊಬ್ಬರು ತಮ್ಮ ಆ್ಯಪಿನೊಳಗೋ ವೆಬ್‌ಸೈಟಿನೊಳಗೋ ತೋರಿಸಬೇಕೆಂದರೆ ದಾರಿ ಬೇರೆ. ಅವರ ಆ್ಯಪು ‘ಎಪಿಐ’ ಎಂಬ ಕಿಟಕಿಯ ಮೂಲಕ ಗೂಗಲ್‌ನ ಕಂಪ್ಯೂಟರನ್ನು ಪ್ರಶ್ನೆ ಕೇಳಬೇಕು. ಈ ವಿಳಾಸ ಎಲ್ಲಿದೆ? ಇಲ್ಲಿಂದ ಅಲ್ಲಿಗೆ ಎಷ್ಟು ದೂರ? ಈ ಅಕ್ಷರಗಳಿಂದ ಶುರುವಾಗುವ ಬಡಾವಣೆ ಯಾವುದು? ಪ್ರತಿ ಪ್ರಶ್ನೆಯೂ ಒಂದು ಕರೆ. ಕರೆಗಳಿಗೆ ಸಾವಿರದ ಲೆಕ್ಕದಲ್ಲಿ ದರ. ಆದರೆ ಎಲ್ಲ ಕರೆಗಳಿಗೂ ಒಂದೇ ದರವಲ್ಲ. ಕೆಲವಕ್ಕೆ ದರವೇ ಇಲ್ಲ. ಕೆಲವು ಕರೆಗಳಂತೂ ಒಂದು ಪದ ಹೆಚ್ಚಾಗಿ ಕೇಳಿದ್ದಕ್ಕೆ ಮೇಲಿನ ದರಕ್ಕೆ ಜಿಗಿಯುತ್ತವೆ. ಖಾನಾವಳಿಯ ಬಿಲ್ಲಿನ ಏರಿಳಿತವೆಲ್ಲ ಈ ಜಿಗಿತದಲ್ಲೇ ಇದೆ.

2018ರ ತನಕ ಇದು ಸಣ್ಣವರ ತಲೆನೋವಾಗಿರಲಿಲ್ಲ. ದಿನಕ್ಕೆ 25,000 ಬಾರಿ ವೆಬ್‌ಸೈಟಿನಲ್ಲಿ ಭೂಪಟ ತೆರೆದರೂ ಪುಕ್ಕಟೆಯಾಗಿತ್ತು. ಆ ವರ್ಷದ ಜುಲೈಯಲ್ಲಿ ಗೂಗಲ್ ಇಡೀ ವ್ಯವಸ್ಥೆಯನ್ನು ‘ಗೂಗಲ್ ಮ್ಯಾಪ್ಸ್ ಪ್ಲಾಟ್‌ಫಾರ್ಮ್’ ಎಂಬ ಹೆಸರಿನಡಿ ತಂದು, ಕಾರ್ಡು ಜೋಡಿಸಿದ ಬಿಲ್ಲಿಂಗ್ ಖಾತೆ ಇಲ್ಲದೆ ಮುಂದೆ ಹೋಗುವಂತಿಲ್ಲ ಎಂದಿತು. ಬದಲಿಗೆ ತಿಂಗಳಿಗೆ 200 ಡಾಲರಿನ ಉಚಿತ ಕ್ರೆಡಿಟ್ ಕೊಟ್ಟಿತು. ಸಾವಿರ ಭೂಪಟಕ್ಕೆ 7 ಡಾಲರಿನಂತೆ ಆ ದುಡ್ಡಿಗೆ ತಿಂಗಳಿಗೆ ಸುಮಾರು 28,000 ಭೂಪಟ ಬರುತ್ತಿದ್ದವು. ಮೊದಲು ಒಂದು ದಿನಕ್ಕೆ ಸಿಗುತ್ತಿದ್ದದ್ದು ಈಗ ಒಂದು ತಿಂಗಳಿಗೆ ಎಂದಾಯಿತು. ಆಗ ಎಷ್ಟೋ ಸಣ್ಣ ವೆಬ್‌ಸೈಟುಗಳಲ್ಲಿ ಭೂಪಟ ಮಸುಕಾಗಿ, ಅದರ ಮೇಲೆಲ್ಲ For development purposes only ಎಂಬ ಮುದ್ರೆ ಬಿದ್ದದ್ದನ್ನು ನೋಡಿದ ನೆನಪು ಹಲವರಿಗಿರಬಹುದು. ಬಿಲ್ಲಿಂಗ್ ಖಾತೆ ಜೋಡಿಸದವರ ಪಾಡು ಅದು.

ಆ 200 ಡಾಲರ್ ಈಗ ಇಲ್ಲ. 2025ರ ಮಾರ್ಚ್ 1ರಿಂದ ಗೂಗಲ್ ಅದನ್ನು ತೆಗೆದು, ಪ್ರತಿಯೊಂದು ಬಗೆಯ ಕರೆಗೂ ಬೇರೆಬೇರೆ ಉಚಿತ ಮಿತಿ ಇಟ್ಟಿದೆ. ಹಳೆಯ ಬ್ಲಾಗು, ವಿಡಿಯೊಗಳನ್ನು ನೋಡಿಕೊಂಡು ಕೆಲಸ ಮಾಡುವವರು ಎಡವುವುದು ಮೊದಲು ಇಲ್ಲೇ: ಇನ್ನೂ 200 ಡಾಲರ್ ಇದೆ ಎಂದುಕೊಂಡಿರುತ್ತಾರೆ.

ಹಳೆಯದು ಒಂದೇ ಗಡಿಗೆ. ಅದರಿಂದ ಯಾವ ಕರೆಗೆ ಬೇಕಾದರೂ ನೀರು ಮೊಗೆಯಬಹುದಿತ್ತು. ಹೊಸದರಲ್ಲಿ ಸಾಲಾಗಿ ಕುಡಿಕೆಗಳಿವೆ. ಭೂಪಟಕ್ಕೊಂದು, ವಿಳಾಸ ಹುಡುಕಲು ಒಂದು, ದಾರಿಗೊಂದು. ಒಂದು ಕುಡಿಕೆ ಬರಿದಾದರೆ ಪಕ್ಕದ್ದು ತುಂಬಿ ತುಳುಕುತ್ತಿದ್ದರೂ ಅದರಿಂದ ಸುರಿದುಕೊಳ್ಳುವಂತಿಲ್ಲ, ಉಳಿದದ್ದನ್ನು ಮುಂದಿನ ತಿಂಗಳಿಗೆ ಒಯ್ಯುವಂತೆಯೂ ಇಲ್ಲ. ಈ ಒಂದೊಂದು ಕುಡಿಕೆಗೂ ಬಿಲ್ಲಿನಲ್ಲಿ SKU ಎಂಬ ಹೆಸರಿರುತ್ತದೆ. ಕಿರಾಣಿ ಅಂಗಡಿಯ ಚೀಟಿಯಲ್ಲಿ ತೊಗರಿಬೇಳೆಗೆ, ಕಡಲೆಬೇಳೆಗೆ ಬೇರೆಬೇರೆ ಸಾಲು ಇರುವ ಹಾಗೆ.

ಕುಡಿಕೆಗಳ ಅಳತೆ ಮೂರು. ಸಾದಾ ಕರೆಗಳು Essentials ಎಂಬ ದರ್ಜೆಗೆ ಸೇರುತ್ತವೆ. ಅದರ ಮೇಲಿನದು Pro, ಎಲ್ಲಕ್ಕಿಂತ ಮೇಲಿನದು Enterprise. ಜಗತ್ತಿನ ಬಹುಪಾಲು ಕಡೆ ಈ ಮೂರಕ್ಕೆ ಕ್ರಮವಾಗಿ ತಿಂಗಳಿಗೆ 10,000, 5,000 ಮತ್ತು 1,000 ಕರೆ ಉಚಿತ. ಬಿಲ್ಲಿಂಗ್ ವಿಳಾಸ ಭಾರತದಲ್ಲಿರುವವರಿಗೆ ಮಾತ್ರ ಏಳು ಪಟ್ಟು: 70,000, 35,000 ಮತ್ತು 7,000.

ಈ ಔದಾರ್ಯಕ್ಕೆ ಹಿನ್ನೆಲೆಯಿದೆ. 2024ರ ಜುಲೈ ಮೊದಲ ವಾರದಲ್ಲಿ ಓಲಾದ ಭವಿಶ್ ಅಗರ್ವಾಲ್, ತಮ್ಮ ಕಂಪನಿ ವರ್ಷಕ್ಕೆ 100 ಕೋಟಿ ರೂಪಾಯಿ ಖರ್ಚಿನ ಗೂಗಲ್ ಮ್ಯಾಪ್ಸ್ ಬಿಟ್ಟು ತನ್ನದೇ ಓಲಾ ಮ್ಯಾಪ್ಸಿಗೆ ಹೊರಳಿದೆ ಎಂದು ಸಾರಿದರು. ಬೇರೆ ಡೆವಲಪರ್‌ಗಳಿಗೂ ಅದನ್ನು ಒಂದು ವರ್ಷ ಉಚಿತವಾಗಿ ಕೊಡುವ ಮಾತಾಡಿದರು. ಅದೇ ತಿಂಗಳು ಗೂಗಲ್ ಭಾರತಕ್ಕೆ ಪ್ರತ್ಯೇಕ ದರಪಟ್ಟಿ ಪ್ರಕಟಿಸಿತು. ಆಗಸ್ಟ್ 1ರಿಂದ ಬಹಳಷ್ಟು ಸೇವೆಗಳ ದರ ಶೇ. 70ರ ತನಕ ಇಳಿಯಿತು. ರೂಪಾಯಿಯಲ್ಲೇ ಬಿಲ್ ಕಟ್ಟುವ ಅನುಕೂಲವೂ ಬಂತು. ಗೂಗಲ್ ಈ ಎರಡನ್ನೂ ಒಂದಕ್ಕೊಂದು ಗಂಟು ಹಾಕಲಿಲ್ಲ. ಓದುವವರು ಹಾಕಿಕೊಂಡರು. ಸಾವಿರಕ್ಕೆ 7 ಡಾಲರ್ ಇದ್ದ ಭೂಪಟ ಭಾರತದಲ್ಲಿ 2.10 ಡಾಲರಿಗೂ, 5 ಡಾಲರಿನ ವಿಳಾಸ ಹುಡುಕಾಟ 1.50ಕ್ಕೂ, 2.83ರ ಅಕ್ಷರ ಸೂಚನೆ 0.85ಕ್ಕೂ ಬಂದು ನಿಂತವು.

ಇನ್ನು ಖಾನಾವಳಿಯ ಮೊದಲ ತಿಂಗಳ ಬಿಲ್ಲು ನೋಡೋಣ.

ದಿನಕ್ಕೆ 600 ಆರ್ಡರ್, ಪ್ರತಿ ಆರ್ಡರಿಗೆ ಸರಾಸರಿ 10 ಅಕ್ಷರದ ವಿಳಾಸ. ಅಂದರೆ ದಿನಕ್ಕೆ 6,000 ಕರೆ, ತಿಂಗಳಿಗೆ 1,80,000. ಇದರಲ್ಲಿ 70,000 ಉಚಿತ. ಉಳಿದ 1,10,000 ಕರೆಗೆ ಸಾವಿರಕ್ಕೆ 0.85ರಂತೆ 93.50 ಡಾಲರ್.

ಭೂಪಟದ ಲೆಕ್ಕದಲ್ಲಿ ಒಂದು ತಮಾಷೆ ಇದೆ. ವೆಬ್‌ಸೈಟಿನಲ್ಲಿ ಭೂಪಟ ಒಮ್ಮೆ ತೆರೆದುಕೊಂಡರೆ ಒಂದು ಲೋಡ್. ಆಮೇಲೆ ಗಿರಾಕಿ ಅದನ್ನು ಎಷ್ಟು ಎಳೆದಾಡಿದರೂ ಹಿಗ್ಗಿಸಿ ಕುಗ್ಗಿಸಿದರೂ ಮತ್ತೆ ಮೀಟರ್ ಓಡುವುದಿಲ್ಲ. ದಿನಕ್ಕೆ 1,500 ಮಂದಿ ಸೈಟಿಗೆ ಬಂದರೂ ತಿಂಗಳಿಗೆ 45,000 ಲೋಡ್, 70,000ದ ಒಳಗೆ ನೆಮ್ಮದಿಯಾಗಿ ಕೂರುತ್ತದೆ. ಮೀಟರ್ ಓಡಿಸಿದ್ದು ಗಿರಾಕಿಗಳಲ್ಲ, ಗಲ್ಲಾಪೆಟ್ಟಿಗೆಯ ಪಕ್ಕ ಒಂದು, ಅಡುಗೆಮನೆಯಲ್ಲೊಂದು ಇಟ್ಟ ಎರಡು ಟ್ಯಾಬ್ಲೆಟ್‌ಗಳು. ಯಾವ ಹುಡುಗ ಎಲ್ಲಿದ್ದಾನೆ ಎಂದು ತೋರಿಸಲು ಆ ಪುಟ ನಿಮಿಷಕ್ಕೊಮ್ಮೆ ತಾನಾಗಿ ರಿಫ್ರೆಶ್ ಆಗುತ್ತದೆ. ಪ್ರತಿ ರಿಫ್ರೆಶ್‌ಗೂ ಹೊಸ ಭೂಪಟ, ಹೊಸ ಲೋಡ್. ದಿನಕ್ಕೆ 12 ಗಂಟೆಯಂತೆ ಒಂದೊಂದು ಟ್ಯಾಬ್ಲೆಟಿನಿಂದ 720. ಎರಡರಿಂದ ತಿಂಗಳಿಗೆ 43,200. ಸೈಟಿಗೆ ಬರುವವರೆಲ್ಲ ಸೇರಿ ಮಾಡುವಷ್ಟು ಖರ್ಚನ್ನು ಹೆಚ್ಚುಕಡಿಮೆ ಎರಡು ಪರದೆಗಳು ಯಾರೂ ನೋಡದಿರುವಾಗಲೂ ಮಾಡುತ್ತಿರುತ್ತವೆ. ಒಟ್ಟು 88,200 ಲೋಡ್‌ಗಳಲ್ಲಿ ಮಿತಿ ಮೀರಿದ್ದು 18,200, ಅದಕ್ಕೆ 38.22 ಡಾಲರ್.

ಎರಡೂ ಸೇರಿ 131.72. ಲೆಕ್ಕದ ಅನುಕೂಲಕ್ಕೆ ಡಾಲರಿಗೆ 90 ರೂಪಾಯಿ ಎಂದು ಹಿಡಿದು ಶೇ. 18ರ ಜಿಎಸ್‌ಟಿ ಸೇರಿಸಿದರೆ 14,000 ರೂಪಾಯಿಯ ಹತ್ತಿರ. ಇದು ನುಂಗಬಹುದಾದ ಬಿಲ್ಲು.

ನುಂಗಲಾರದ್ದು ಮೂರನೆಯ ಸಾಲಿನಲ್ಲಿದೆ. ಊಟ ಒಯ್ಯುವ ಹುಡುಗರೆಲ್ಲ ಸ್ಕೂಟರಿನವರು. ಅದಕ್ಕೆಂದು ವೆಬ್‌ಸೈಟ್ ಮಾಡಿದವನು ದಾರಿ ಕೇಳುವ ಕರೆಯಲ್ಲಿ TWO_WHEELER ಎಂದು ಬರೆದ. ಕಾರು ಹೋಗದ ಓಣಿಯಲ್ಲೂ ಸ್ಕೂಟರ್ ನುಗ್ಗುವ ಊರಿನಲ್ಲಿ ಇದು ಜಾಣತನವೇ. ಆದರೆ ಗೂಗಲ್‌ನ ದರಪಟ್ಟಿಯಲ್ಲಿ ದಾರಿಯ ಕರೆ ಮೂರು ದರ್ಜೆಗೆ ಸೇರಬಲ್ಲದು. ಟ್ರಾಫಿಕ್ ಲೆಕ್ಕಿಸದ ಸಾದಾ ದಾರಿಯಾದರೆ Essentials. ಆ ಹೊತ್ತಿನ ಟ್ರಾಫಿಕ್ ನೋಡಿ ಹೇಳು ಎಂದರೆ, ಅಥವಾ ನಡುವೆ ಹತ್ತಕ್ಕಿಂತ ಹೆಚ್ಚು ನಿಲುಗಡೆ ಕೊಟ್ಟರೆ Pro. ದ್ವಿಚಕ್ರದ ದಾರಿ ಅಥವಾ ಟೋಲ್ ಲೆಕ್ಕ ಕೇಳಿದರೆ ನೇರ Enterprise. ಜಾಗತಿಕ ಪಟ್ಟಿಯಲ್ಲಿ ಇವುಗಳ ದರ ಸಾವಿರಕ್ಕೆ 5, 10, 15 ಡಾಲರ್. ಅರ್ಧ ಭಾರತ ಓಡಾಡುವುದು ದ್ವಿಚಕ್ರದ ಮೇಲೆ. ಪಟ್ಟಿಯಲ್ಲಿ ಅದಕ್ಕೇ ಎಲ್ಲಕ್ಕಿಂತ ಮೇಲಿನ ದರ್ಜೆ ಎಂಬುದು ಸ್ವಲ್ಪ ಚುಚ್ಚುವ ವಿಚಾರ.

‘ನಿಮ್ಮ ಊಟ ಇನ್ನು 11 ನಿಮಿಷದಲ್ಲಿ’ ಎಂದು ತೋರಿಸಲು ಆ ಕರೆ 30 ಸೆಕೆಂಡಿಗೊಮ್ಮೆ ಹೋಗುತ್ತದೆ. ಒಂದು ಊಟ ತಲುಪಲು 20 ನಿಮಿಷ ಎಂದರೆ 40 ಕರೆ. 600 ಊಟಕ್ಕೆ ದಿನಕ್ಕೆ 24,000. ತಿಂಗಳಿಗೆಂದು ಇಟ್ಟ 7,000 ಉಚಿತ ಕರೆ ಮೊದಲ ದಿನದ ಮಧ್ಯಾಹ್ನದ ಊಟಕ್ಕೇ ಮುಗಿದುಹೋಗುತ್ತದೆ. ತಿಂಗಳ ಒಟ್ಟು 7,20,000ದಲ್ಲಿ 7,13,000 ಕರೆಗೆ ದುಡ್ಡು ಕೊಡಬೇಕು. ಭಾರತದ ಪಟ್ಟಿಯಲ್ಲಿ Pro ದರ್ಜೆಯ ದಾರಿಗೇ ಸಾವಿರಕ್ಕೆ 3 ಡಾಲರ್. ಅದೇ ದರ ಹಿಡಿದರೂ 2,139 ಡಾಲರ್, ತೆರಿಗೆಗೆ ಮೊದಲೇ 1,92,000 ರೂಪಾಯಿ ದಾಟುತ್ತದೆ. Enterprise ಅದಕ್ಕೂ ಮೇಲೆ.

ರೊಟ್ಟಿ ಊಟದ ಲಾಭದಲ್ಲಿ ಇದನ್ನು ಕಟ್ಟಲಾಗದು. ಹಾಗೆಂದು ಭೂಪಟವನ್ನೇ ಬಿಡಬೇಕಾಗಿಯೂ ಇಲ್ಲ.

ಹುಡುಗನಿಗೆ ಬೇಕಾಗಿರುವುದು ದಾರಿ. ಅವನ ಮೊಬೈಲಿನಲ್ಲಿ ಗೂಗಲ್ ಮ್ಯಾಪ್ಸ್ ಇದ್ದೇ ಇದೆ. ಗಿರಾಕಿಯ ಮನೆಯ ಅಕ್ಷಾಂಶ ರೇಖಾಂಶ ಸೇರಿಸಿದ ಒಂದು ಲಿಂಕ್ ಕಳಿಸಿದರೆ ಅದನ್ನು ಒತ್ತಿದ ಕೂಡಲೇ ಅವನ ಆ್ಯಪೇ ತೆರೆದು ದಾರಿ ತೋರಿಸುತ್ತದೆ. ಈ ಲಿಂಕಿಗೆ ಎಪಿಐ ಕೀ ಬೇಡ, ದುಡ್ಡೂ ಇಲ್ಲ:

```
https://www.google.com/maps/dir/?api=1&destination=15.3647,75.1240
```

ಉಳಿದದ್ದು ಗಿರಾಕಿಗೆ ತೋರಿಸುವ ನಿಮಿಷಗಳ ಲೆಕ್ಕ. ಐದಾರು ಕಿಲೋಮೀಟರಿನೊಳಗೇ ಊಟ ಒಯ್ಯುವ ಖಾನಾವಳಿಗೆ ಅರ್ಧ ನಿಮಿಷಕ್ಕೊಮ್ಮೆ ಹೊಸ ಅಂದಾಜು ಏಕೆ? ಡಬ್ಬಿ ಹೊರಟಾಗ ಒಮ್ಮೆ, ಅರ್ಧ ದಾರಿಯಲ್ಲಿ ಇನ್ನೊಮ್ಮೆ ಕೇಳಿದರೆ ಸಾಕು. ಎರಡರ ನಡುವೆ ಪರದೆಯ ಮೇಲೆ ನಿಮಿಷಗಳನ್ನು ಇಳಿಸುತ್ತ ಹೋಗಲು ಗೂಗಲ್ ಬೇಕಿಲ್ಲ, ಗಡಿಯಾರ ಸಾಕು. ಕೇಳುವಾಗ ಕರೆಯನ್ನು ಹೀಗೆ ಬರೆದರೆ ಅದು ಕೆಳಗಿನ ದರ್ಜೆಯಲ್ಲೇ ಉಳಿಯುತ್ತದೆ:

```
"travelMode": "DRIVE",
"routingPreference": "TRAFFIC_UNAWARE"
```

ತಿಂಗಳಿಗೆ 36,000 ಕರೆ. Essentials ಕುಡಿಕೆಯ 70,000ದಲ್ಲಿ ಅರ್ಧ. ಬಿಲ್ಲು ಸೊನ್ನೆ. ಕಳೆದುಕೊಳ್ಳುವುದೂ ಇದೆ: ಇದು ಕಾರಿನ ದಾರಿಯ, ಟ್ರಾಫಿಕ್ ಇಲ್ಲದ ಹೊತ್ತಿನ ಅಂದಾಜು. ದುರ್ಗದಬೈಲಿನ ಸಂಜೆಯ ಗದ್ದಲ ಅದಕ್ಕೆ ಕಾಣದು. ಮಧ್ಯಾಹ್ನ ಮತ್ತು ಸಂಜೆ ಮೂರ್ನಾಲ್ಕು ನಿಮಿಷ ತಾವೇ ಸೇರಿಸಿಕೊಳ್ಳುವುದು ಊರು ಬಲ್ಲವರಿಗೆ ಕಷ್ಟವಲ್ಲ.

ಟ್ಯಾಬ್ಲೆಟಿನ ಮದ್ದು ಇನ್ನೂ ಸುಲಭ. ಪುಟವನ್ನೇ ರಿಫ್ರೆಶ್ ಮಾಡುವ ಬದಲು ಭೂಪಟವನ್ನು ಬೆಳಿಗ್ಗೆ ಒಮ್ಮೆ ತೆರೆದು, ಅದರ ಮೇಲಿನ ಹುಡುಗರ ಗುರುತುಗಳನ್ನು ಮಾತ್ರ ಸರಿಸುತ್ತಿದ್ದರೆ ದಿನಕ್ಕೆ 720 ಲೋಡ್ ಒಂದೇ ಲೋಡಿಗೆ ಇಳಿಯುತ್ತದೆ. ಕೋಡಿನಲ್ಲಿ new google.maps.Map ಎಂಬ ಸಾಲು ಎಷ್ಟು ಸಲ ಓಡುತ್ತದೆ ಎಂಬುದನ್ನಷ್ಟೇ ನೋಡಿಕೊಳ್ಳಬೇಕು. ಇನ್ನು ಆಂಡ್ರಾಯ್ಡ್ ಅಥವಾ ಐಫೋನಿನ ಸ್ವಂತ ಆ್ಯಪಿನೊಳಗೆ ತೋರಿಸುವ ಸಾದಾ ಭೂಪಟಕ್ಕೆ, ‘ನಮ್ಮ ಅಂಗಡಿ ಇಲ್ಲಿದೆ’ ಎಂದು ವೆಬ್ ಪುಟದಲ್ಲಿ ಅಂಟಿಸುವ Maps Embed ಚಿತ್ರಕ್ಕೆ ದರವೇ ಇಲ್ಲ, ಎಷ್ಟು ಬೇಕಾದರೂ ತೆರೆಯಬಹುದು.

ಅಕ್ಷರಕ್ಕೊಂದು ಕರೆಯ ಸಮಸ್ಯೆಗೆ ಇರುವ ಪರಿಹಾರ ಕೇಳಿದಾಗ ತಿರುಗುಮುರುಗು ಅನ್ನಿಸುತ್ತದೆ. ಗಿರಾಕಿ ಬರೆಯಲು ಶುರುಮಾಡಿದ್ದರಿಂದ ಹಿಡಿದು ಪಟ್ಟಿಯಿಂದ ಒಂದು ಹೆಸರು ಆರಿಸುವ ತನಕದ ಎಲ್ಲ ಕರೆಗಳಿಗೂ ಒಂದೇ ಗುರುತಿನ ಚೀಟಿ ಅಂಟಿಸಬಹುದು. ಅದರ ಹೆಸರು ಸೆಷನ್ ಟೋಕನ್. ಆರಿಸಿದ ಹೆಸರಿನ ವಿವರ ಕೇಳುವ ಕೊನೆಯ ಕರೆಗೂ ಅದೇ ಚೀಟಿ ಇರಬೇಕು. ಆ ಕೊನೆಯ ಕರೆ Place Details Pro ದರ್ಜೆಯದಾಗಿದ್ದರೆ, ಅದಕ್ಕೆ ಮೊದಲಿನ ಅಕ್ಷರದ ಕರೆಗಳಿಗೆ ದುಡ್ಡಿಲ್ಲ. ಬಿಲ್ಲಾಗುವುದು ಕೊನೆಯದು ಮಾತ್ರ. ಈ Pro ಕರೆ ಬಿಡಿಯಾಗಿ ನೋಡಿದರೆ ದುಬಾರಿ, ಭಾರತದಲ್ಲಿ ಸಾವಿರಕ್ಕೆ 5.10 ಡಾಲರ್. ಆದರೆ ಖಾನಾವಳಿಗೆ ತಿಂಗಳಿಗೆ ಬೇಕಾಗುವುದು 18,000. ಉಚಿತ ಮಿತಿ 35,000. ಮೇಲಿನ ದರ್ಜೆಯ ಕರೆಯೇ ಇಲ್ಲಿ 93 ಡಾಲರ್ ಉಳಿಸುತ್ತದೆ.

ಅರ್ಧ ಬರೆದು ಮನಸ್ಸು ಬದಲಿಸಿ ಹೋದವರ ಸೆಷನ್ ಮುಗಿಯದೇ ಉಳಿಯುತ್ತದೆ. ಆಗ ಅವರ ಅಕ್ಷರಗಳು ಮತ್ತೆ ಬಿಡಿಬಿಡಿಯಾಗಿಯೇ ಲೆಕ್ಕಕ್ಕೆ ಬರುತ್ತವೆ. ಮೂರು ಅಕ್ಷರ ಆಗುವ ತನಕ ಕೇಳದಿರುವುದು, ಬೆರಳು ಒಂದು ಕ್ಷಣ ನಿಂತಾಗ ಮಾತ್ರ ಕೇಳುವುದು ಇದಕ್ಕೆ ಬಳಕೆಯಲ್ಲಿರುವ ಉಪಾಯ. K ಎಂಬ ಒಂದೇ ಅಕ್ಷರಕ್ಕೆ ಬರುವ ಪಟ್ಟಿಯಿಂದ ಯಾರಿಗೂ ಉಪಯೋಗವಿಲ್ಲವಷ್ಟೇ.

ದರ್ಜೆಯ ಜಿಗಿತ ಅತ್ಯಂತ ಸದ್ದಿಲ್ಲದೆ ನಡೆಯುವುದು ಈ ಸ್ಥಳ ವಿವರದ ಕರೆಯಲ್ಲಿ. ಯಾವ್ಯಾವ ವಿವರ ಬೇಕು ಎಂಬ ಪಟ್ಟಿಯನ್ನು X-Goog-FieldMask ಎಂಬ ಸಾಲಿನಲ್ಲಿ ಕೊಡಬೇಕು. location, formattedAddress ಮಾತ್ರ ಕೇಳಿದರೆ Essentials. ಜಾಗದ ಹೆಸರು, ಅಂದರೆ displayName ಸೇರಿಸಿದರೆ Pro. ಫೋನ್ ನಂಬರ್, ತೆರೆದಿರುವ ಹೊತ್ತು ಅಥವಾ ನಕ್ಷತ್ರಗಳ rating ಕೇಳಿದರೆ Enterprise. ಜನ ಬರೆದ reviews ಕೇಳಿದರೆ ಅದಕ್ಕೂ ಮೇಲೆ. ಪಟ್ಟಿಯಲ್ಲಿ ಒಂಬತ್ತು ಸಾದಾ ವಿವರ, ಒಂದೇ ದುಬಾರಿ ವಿವರ ಇದ್ದರೂ ಇಡೀ ಕರೆಗೆ ಆ ದುಬಾರಿಯದರ ದರ. ಪರೀಕ್ಷೆಗೆಂದು ಎಲ್ಲ ವಿವರವೂ ಬರಲಿ ಎಂದು * ಹಾಕಿ, ಆಮೇಲೆ ತೆಗೆಯಲು ಮರೆತವರು ಪ್ರತಿ ಕರೆಗೂ ತುತ್ತತುದಿಯ ದರ ಕೊಡುತ್ತಿರುತ್ತಾರೆ. ಆ್ಯಪು ಮೊದಲಿನ ಹಾಗೆಯೇ ಕೆಲಸ ಮಾಡುತ್ತಿರುತ್ತದೆ, ಪರದೆಯ ಮೇಲೆ ಒಂದು ಚುಕ್ಕೆಯೂ ಬದಲಾಗುವುದಿಲ್ಲ. ಗೊತ್ತಾಗುವುದು ಬಿಲ್ಲಿಂಗ್ ವಿಭಾಗದ Reports ಪುಟದಲ್ಲಿ ಮಾತ್ರ: Group by ಎಂಬಲ್ಲಿ SKU ಆರಿಸಿದರೆ ಯಾವ ಸಾಲಿಗೆ ಎಷ್ಟು ಎಂಬುದು ಬಿಡಿಬಿಡಿಯಾಗಿ ಕಾಣುತ್ತದೆ. ತಾನು ಕೇಳಿಯೇ ಇಲ್ಲ ಎಂದುಕೊಂಡ Enterprise ಎಂಬ ಪದ ಅಲ್ಲಿ ಕಂಡರೆ ಫೀಲ್ಡ್ ಮಾಸ್ಕನ್ನೇ ಮೊದಲು ತೆರೆದು ನೋಡಬೇಕು.

ಇಷ್ಟೆಲ್ಲ ಸರಿಪಡಿಸಿದ ಮೇಲೆ ಎಚ್ಚರಿಕೆಯ ಗಂಟೆ ಕಟ್ಟುವ ಕೆಲಸ. ಗೂಗಲ್ ಕ್ಲೌಡ್ ಕನ್ಸೋಲಿನಲ್ಲಿ Billing ತೆರೆದು Budgets & alerts ಪುಟಕ್ಕೆ ಹೋಗಿ Create budget ಒತ್ತಬೇಕು. ಅವಧಿ ತಿಂಗಳು ಎಂದಿರಲಿ. ಮೊತ್ತ 1,000 ರೂಪಾಯಿ. ಬರಬೇಕಾದ ಬಿಲ್ಲೇ ಸೊನ್ನೆ ಆಗಿರುವಾಗ ಇದು ಸಾಕಷ್ಟು ದೊಡ್ಡದು. ಶೇ. 50, 90, 100 ಎಂಬ ಮೂರು ಹಂತಗಳನ್ನು ಗೂಗಲ್ ತಾನೇ ಇಟ್ಟಿರುತ್ತದೆ. ಪ್ರತಿ ಹಂತದ ಮುಂದೆ Actual ಅಥವಾ Forecasted ಎಂದು ಆರಿಸಬಹುದು. ಮೊದಲನೆಯದು ಆಗಿಹೋದ ಖರ್ಚಿಗೆ, ಎರಡನೆಯದು ಈ ವೇಗದಲ್ಲಿ ಹೋದರೆ ತಿಂಗಳ ಕೊನೆಗೆ ಎಷ್ಟಾದೀತು ಎಂಬ ಅಂದಾಜಿಗೆ. ಶೇ. 100ರ ಮುಂದೆ ಇನ್ನೊಂದು ಸಾಲು ಸೇರಿಸಿ Forecasted ಎಂದಿಡುವುದು ಒಳ್ಳೆಯದು.

ಈ ಗಂಟೆಯ ಬಗ್ಗೆ ಮೂರು ತಪ್ಪು ತಿಳಿವಳಿಕೆಗಳಿವೆ. ಬಜೆಟ್ ಮುಟ್ಟಿದರೆ ಸೇವೆ ನಿಲ್ಲುತ್ತದೆ ಎಂಬುದು ಮೊದಲನೆಯದು. ನಿಲ್ಲುವುದಿಲ್ಲ, ಅದು ಇಮೇಲ್ ಕಳಿಸುತ್ತದೆ, ಅಷ್ಟೇ. ಮೀಟರ್ ಓಡುತ್ತಲೇ ಇರುತ್ತದೆ. ತಕ್ಷಣ ಬರುತ್ತದೆ ಎಂಬುದು ಎರಡನೆಯದು. ಬಳಕೆ ಬಿಲ್ಲಿಂಗ್ ಲೆಕ್ಕಕ್ಕೆ ಏರಲು ಹಲವು ಗಂಟೆ ಹಿಡಿಯುತ್ತದೆ, ಕೆಲವೊಮ್ಮೆ ಒಂದು ದಿನಕ್ಕಿಂತ ಹೆಚ್ಚು. ದಿನಕ್ಕೆ 24,000 ಕರೆ ಹೋಗುವ ಖಾನಾವಳಿಗೆ ಆ ಒಂದು ದಿನ ಸಣ್ಣದಲ್ಲ. ಮೂರನೆಯದು ಉಚಿತ ಮಿತಿಯಿಂದಲೇ ಹುಟ್ಟುವಂಥದ್ದು. ಕುಡಿಕೆಯಲ್ಲಿ ನೀರಿರುವ ತನಕ ಖರ್ಚು ಸೊನ್ನೆ ಎಂದೇ ಕಾಣುತ್ತದೆ, ಶೇ. 99 ಬರಿದಾಗಿದ್ದರೂ ಬಜೆಟ್ಟಿಗೆ ಅದು ಗೊತ್ತಾಗದು. ತಳ ಮುಟ್ಟಿದ ಮರುಕ್ಷಣದಿಂದ ಏರುತ್ತದೆ. ಆದ್ದರಿಂದ ಮ್ಯಾಪ್ಸ್ ಪ್ಲಾಟ್‌ಫಾರ್ಮಿನ Metrics ಪುಟದಲ್ಲಿ ಕರೆಗಳ ಸಂಖ್ಯೆಯನ್ನೇ ವಾರಕ್ಕೊಮ್ಮೆ ನೋಡುವುದು ಬಜೆಟ್ ಇಮೇಲಿಗಿಂತ ಮೊದಲೇ ಸುಳಿವು ಕೊಡುತ್ತದೆ.

ಇಮೇಲ್ ಯಾರಿಗೆ ಹೋಗುತ್ತದೆ ಎಂಬುದೂ ಒಂದು ಪ್ರಶ್ನೆ. ಬಿಲ್ಲಿಂಗ್ ಖಾತೆಯ ಅಡ್ಮಿನಿಸ್ಟ್ರೇಟರ್ ಮತ್ತು ಯೂಸರ್ ಎಂದು ನಮೂದಾದವರಿಗೆ. ಖಾತೆ ತೆರೆದದ್ದು ವೆಬ್‌ಸೈಟ್ ಮಾಡಿಕೊಟ್ಟ ಹುಡುಗ, ತನ್ನ ಸ್ವಂತ ಜಿಮೇಲಿನಿಂದ. ಅವನೀಗ ಬೆಂಗಳೂರಿನಲ್ಲಿ ಬೇರೆ ಕೆಲಸದಲ್ಲಿದ್ದಾನೆ. ಗಂಟೆ ಅಲ್ಲಿ ಬಾರಿಸುತ್ತದೆ, ಕಾರ್ಡಿನಿಂದ ದುಡ್ಡು ಇಲ್ಲಿ ಹೋಗುತ್ತದೆ. ಮಾಲಕನ ಇಮೇಲನ್ನೂ ಅಡ್ಮಿನಿಸ್ಟ್ರೇಟರ್ ಎಂದು ಸೇರಿಸಲು ಎರಡು ನಿಮಿಷ ಸಾಕು.

ನಿಜವಾಗಿ ಮೀಟರ್ ನಿಲ್ಲಿಸುವುದು ಬಜೆಟ್ ಅಲ್ಲ, ಕೋಟಾ. ಮ್ಯಾಪ್ಸ್ ಪ್ಲಾಟ್‌ಫಾರ್ಮಿನ Quotas ಪುಟದಲ್ಲಿ Map loads per day ಎಂಬ ಸಾಲಿದೆ. ತಿಂಗಳ 70,000ವನ್ನು 31 ದಿನಕ್ಕೆ ಹಂಚಿದರೆ 2,258. ಅಲ್ಲಿ 2,250 ಎಂದು ಬರೆದರೆ ಭೂಪಟದ ಬಿಲ್ಲು ಬರುವುದೇ ಸಾಧ್ಯವಿಲ್ಲ, ಆ ಬಿಲ್ಲಿಂಗ್ ಖಾತೆಗೆ ಬೇರೆ ಪ್ರಾಜೆಕ್ಟ್ ಜೋಡಿಸಿಲ್ಲದಿದ್ದರೆ. ಕೋಟಾ ಪ್ರಾಜೆಕ್ಟಿಗೊಂದು, ಉಚಿತ ಮಿತಿ ಇಡೀ ಖಾತೆಗೊಂದು. ಮಾಲಕನ ತಮ್ಮನ ಟ್ರಾವೆಲ್ಸ್ ವೆಬ್‌ಸೈಟೂ ಅದೇ ಖಾತೆಯಲ್ಲಿದ್ದರೆ ಇಬ್ಬರೂ ಒಂದೇ ಕುಡಿಕೆಯಿಂದ ಕುಡಿಯುತ್ತಿದ್ದಾರೆ ಎಂದರ್ಥ.

ಕೋಟಾಕ್ಕೂ ಕುರುಡು ಜಾಗವಿದೆ: ಅದು ಕರೆ ಎಣಿಸುತ್ತದೆ, ದರ್ಜೆ ನೋಡುವುದಿಲ್ಲ. ಸ್ಥಳ ವಿವರಕ್ಕೆ ದಿನಕ್ಕೆ 1,100 ಎಂಬ ಮಿತಿ ಇಟ್ಟರೆ Pro ದರ್ಜೆಯ 35,000ದೊಳಗೆ ತಿಂಗಳು ಸಾಗುತ್ತದೆ. ಆಮೇಲೊಂದು ದಿನ ಯಾರೋ ನಕ್ಷತ್ರಗಳೂ ಕಾಣಲಿ ಎಂದು rating ಸೇರಿಸಿದರು ಎನ್ನಿ. ಅದೇ 1,100 ಕರೆ ಈಗ Enterprise ಕುಡಿಕೆಯಿಂದ ಹೋಗುತ್ತವೆ; 7,000 ಏಳನೆಯ ದಿನಕ್ಕೆ ಮುಗಿಯುತ್ತದೆ, ಕೋಟಾ ಮಾತ್ರ ಎಲ್ಲ ಸರಿಯಿದೆ ಎನ್ನುತ್ತಿರುತ್ತದೆ. ಬಜೆಟ್ ಎಚ್ಚರಿಕೆ ಕೆಲಸಕ್ಕೆ ಬರುವುದು ಇಂಥಲ್ಲೇ.

ಕೀಲಿಯ ಮಾತನ್ನೂ ಇಲ್ಲೇ ಹೇಳಿಬಿಡಬೇಕು. ವೆಬ್ ಪುಟದಲ್ಲಿರುವ ಎಪಿಐ ಕೀ ಗುಟ್ಟಿನದಲ್ಲ, ಪುಟದ ಸೋರ್ಸ್ ತೆರೆದವರಿಗೆಲ್ಲ ಕಾಣುತ್ತದೆ. ಅದನ್ನು ನಕಲು ಮಾಡಿಕೊಂಡು ಇನ್ನೊಬ್ಬರು ತಮ್ಮ ಸೈಟ್ ನಡೆಸಿದರೆ ಬಿಲ್ಲು ಖಾನಾವಳಿಗೆ. Credentials ಪುಟದಲ್ಲಿ ಆ ಕೀಯನ್ನು ತಮ್ಮ ವೆಬ್‌ಸೈಟಿನ ವಿಳಾಸಕ್ಕೆ ಮಾತ್ರ, ಬಳಸುವ ಮೂರ್ನಾಲ್ಕು ಎಪಿಐಗಳಿಗೆ ಮಾತ್ರ ಕಟ್ಟಿಹಾಕಬೇಕು.

ಕೊನೆಗೆ ಗಡಿಯಾರದ ವಿಷಯ. ದಿನದ ಕೋಟಾ ಹೊಸದಾಗುವುದು ಹುಬ್ಬಳ್ಳಿಯ ಮಧ್ಯರಾತ್ರಿಗಲ್ಲ, ಅಮೆರಿಕದ ಪಶ್ಚಿಮ ಕರಾವಳಿಯ ಮಧ್ಯರಾತ್ರಿಗೆ. ನಮ್ಮಲ್ಲಿ ಆಗ ಮಧ್ಯಾಹ್ನ 12.30, ಅವರ ಚಳಿಗಾಲದ ತಿಂಗಳುಗಳಲ್ಲಿ 1.30. ರಾತ್ರಿ ಊಟದ ಗಡಿಬಿಡಿಯಲ್ಲಿ ಒಂಬತ್ತಕ್ಕೆ ಕೋಟಾ ಮುಗಿದರೆ ಮರುದಿನ ಬೆಳಿಗ್ಗೆಯೂ ಅದು ಮುಗಿದೇ ಇರುತ್ತದೆ. ಹನ್ನೊಂದು ಗಂಟೆಗೆ ಮಧ್ಯಾಹ್ನದ ಊಟ ಹೇಳಲು ಬಂದ ಗಿರಾಕಿಗೆ ಭೂಪಟದ ಜಾಗದಲ್ಲಿ ಬೂದು ಚೌಕ, ವಿಳಾಸ ಬರೆದರೆ ಕೆಳಗೆ ಯಾವ ಪಟ್ಟಿಯೂ ಇಲ್ಲ. ಆ ಹೊತ್ತಿಗೆಂದು ಪುಟದಲ್ಲಿ ಒಂದು ಖಾಲಿ ಪೆಟ್ಟಿಗೆ ಇರಬೇಕು, ಯಾವ ಎಪಿಐಯನ್ನೂ ಕೇಳದಂಥದ್ದು. ‘ಕೇಶ್ವಾಪುರ, ಮಾರುತಿ ಗುಡಿಯ ಹಿಂದಿನ ಓಣಿ, ಹಸಿರು ಗೇಟು’ ಎಂದು ಗಿರಾಕಿ ಅದರಲ್ಲಿ ಬರೆದರೆ ಡಬ್ಬಿ ಒಯ್ಯುವ ಹುಡುಗನಿಗೆ ಅಷ್ಟು ಸಾಕು.